ನಾನೂರು ಪುಟದ ಪುಸ್ತಕಕ್ಕೆ ಎಷ್ಟು, ಎಷ್ಟು ದಿನ?

ಪ್ರಕಾಶಕರ ಕಡೆಯಿಂದ ಬರುವ ಮೊದಲ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಇಂಗ್ಲಿಷಿನಲ್ಲಿ ಒಂದು ಪುಸ್ತಕ ಇದೆ, ನಾನೂರು ಪುಟ. ಕನ್ನಡಕ್ಕೆ ಮಾಡಿಕೊಡಲು ಎಷ್ಟಾಗುತ್ತದೆ, ಯಾವಾಗ ಕೊಡುತ್ತೀರಿ?" ಕೇಳುವವರಿಗೆ ಉತ್ತರ ಅಲ್ಲೇ ಬೇಕು, ಏಕೆಂದರೆ ಅವರೂ ಯಾರಿಗೋ ಅಂದಾಜುಪಟ್ಟಿ ಕೊಡಬೇಕಾಗಿರುತ್ತದೆ. ಆ ಫೋನಿನಲ್ಲೇ ಹೇಳಿಬಿಟ್ಟ ಒಂದು ಅಂಕಿ ಮುಂದೆ ಇಡೀ ವರ್ಷ ಬೆನ್ನುಹತ್ತುತ್ತದೆ. ಹಾಗೆ ಹೇಳಿ ಕಷ್ಟಪಟ್ಟಿದ್ದೇನೆ, ಪ್ರಕಾಶಕರನ್ನೂ ಕಷ್ಟಕ್ಕೆ ದೂಡಿದ್ದೇನೆ. ಶಾಸ್ತ್ರಗ್ರಂಥದ ಅನುವಾದಕ್ಕೆ ಕೈಹಾಕುತ್ತಿರುವ ಕಿರಿಯ ಗೆಳೆಯರಿಗೆ ಉಪಯೋಗವಾಗಲೆಂದು ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಉದ್ದಕ್ಕೂ ಒಂದೇ ಪುಸ್ತಕವನ್ನು ಉದಾಹರಣೆಗೆ ಹಿಡಿಯುತ್ತೇನೆ. ಮೈಸೂರು ಸೀಮೆಯ ಭೂಹಿಡುವಳಿ ಮತ್ತು ಕಂದಾಯದ ಇತಿಹಾಸ. ಇಂಗ್ಲಿಷಿನಲ್ಲಿ ನಾನೂರು ಪುಟ. ಕೊನೆಯಲ್ಲಿ ದಟ್ಟವಾದ ಟಿಪ್ಪಣಿಗಳು. ನಾನು ಮಾಡಿದ ಒಂದೆರಡು ಕೆಲಸಗಳನ್ನು ಸೇರಿಸಿ, ಅಂಕಿಗಳನ್ನು ಸರಳ ಮಾಡಿ ಕಟ್ಟಿದ ಮಾದರಿ ಇದು.

1. ಪುಟ ಎಣಿಸಬೇಡಿ, ಮೂಲದ ಪದ ಎಣಿಸಿ, ಟಿಪ್ಪಣಿಗಳನ್ನೂ ಸೇರಿಸಿ

ಮೊದಲ ದೊಡ್ಡ ಕೆಲಸವನ್ನು ನಾನು ಪುಟದ ಲೆಕ್ಕದಲ್ಲಿ ಒಪ್ಪಿಕೊಂಡೆ. ಪುಸ್ತಕ ತೆರೆದು ನಡುವಿನ ಪುಟವೊಂದನ್ನು ನೋಡಿ, ಇಷ್ಟೇ ತಾನೇ ಅನ್ನಿಸಿ ಒಂದು ದರ ಹೇಳಿದ್ದೆ. ಕೊನೆಯ ಅರವತ್ತು ಪುಟಗಳ ಟಿಪ್ಪಣಿಯನ್ನು ಸಣ್ಣ ಅಕ್ಷರದಲ್ಲಿ, ಸಾಲಿಗೆ ಸಾಲು ಒತ್ತಿ ಜೋಡಿಸಿದ್ದರು. ಅಲ್ಲಿಯ ಒಂದು ಪುಟದಲ್ಲಿ ಉಳಿದ ಕಡೆಯ ಎರಡು ಪುಟದಷ್ಟು ಪದಗಳಿದ್ದವು. ಅದು ಗೊತ್ತಾದದ್ದು ಅಲ್ಲಿಗೆ ತಲುಪಿದ ಮೇಲೆ.

ಈಗ ಮೊದಲು ಕೇಳುವುದು ಪುಸ್ತಕದ ವರ್ಡ್ ಕಡತ ಅಥವಾ ಪಠ್ಯ ತೆಗೆಯಲು ಬರುವ ಪಿಡಿಎಫ್. ಪಿಡಿಎಫ್‌ನಿಂದ ತೆಗೆದ ಪಠ್ಯದಲ್ಲಿ ಪ್ರತಿ ಪುಟದ ತಲೆಬರಹವೂ ಪುಟಸಂಖ್ಯೆಯೂ ಸೇರಿಕೊಂಡಿರುತ್ತವೆ, ಸಾಲಿನ ಕೊನೆಯಲ್ಲಿ ಒಡೆದ ಪದಗಳು ಎರಡಾಗಿ ಎಣಿಕೆಯಾಗುತ್ತವೆ. ಅವನ್ನು ತೆಗೆದು ಎಣಿಸಬೇಕು. ವರ್ಡ್‌ನಲ್ಲಾದರೆ ಪದಗಳ ಎಣಿಕೆಯ ಕಿಟಕಿಯಲ್ಲಿ ಅಡಿಟಿಪ್ಪಣಿಗಳನ್ನು ಸೇರಿಸುವ ಚೌಕಕ್ಕೆ ಗುರುತು ಹಾಕಿದೆಯೇ ಎಂದು ನೋಡಿ. ನಮ್ಮ ಮಾದರಿ ಪುಸ್ತಕದಲ್ಲಿ ಮುಖ್ಯ ಪಠ್ಯ 1,18,000 ಪದ, ಟಿಪ್ಪಣಿ 22,000 ಪದ, ಒಟ್ಟು 1,40,000.

ಇದಕ್ಕಿಂತ ದೊಡ್ಡ ಪ್ರಶ್ನೆ, ಎಣಿಸುವುದು ಯಾವ ಭಾಷೆಯ ಪದವನ್ನು ಅನ್ನುವುದು. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಾಗಿ ನಿಲ್ಲುವುದು ಕನ್ನಡದಲ್ಲಿ ವಿಭಕ್ತಿಯಾಗಿ, ಪ್ರತ್ಯಯವಾಗಿ ಪದಕ್ಕೇ ಅಂಟಿಕೊಳ್ಳುತ್ತದೆ. "ಭೂಮಿಯ ಮೇಲೆ ರೈತರಿಗಿದ್ದ ಹಕ್ಕನ್ನು ಪ್ರಭುತ್ವ ಮಾನ್ಯ ಮಾಡಲಿಲ್ಲ" ಎಂಬ ಏಳು ಪದದ ವಾಕ್ಯ ಇಂಗ್ಲಿಷಿನಲ್ಲಿ ಸುಲಭವಾಗಿ ಹದಿನಾಲ್ಕು ಪದ ಆಗುತ್ತದೆ. ಎಲ್ಲ ಕಡೆ ಅರ್ಧಕ್ಕೆ ಇಳಿಯುವುದಿಲ್ಲ ನಿಜ. ಆದರೆ 1,40,000 ಪದದ ಇಂಗ್ಲಿಷ್ ಪುಸ್ತಕ ನನ್ನ ಕೈಯಲ್ಲಿ ಒಂದು ಲಕ್ಷದ ಆಸುಪಾಸಿನ ಕನ್ನಡ ಪದಗಳಾಗಿ ನಿಲ್ಲುತ್ತದೆ. ಪದಕ್ಕೆ 3 ರೂಪಾಯಿ ಅಂದುಕೊಂಡರೆ ಮೂಲದ ಲೆಕ್ಕದಲ್ಲಿ 4,20,000 ಆಗುವುದು ಕನ್ನಡದ ಲೆಕ್ಕದಲ್ಲಿ 3,00,000ಕ್ಕೆ ನಿಲ್ಲುತ್ತದೆ. ದರ ಒಂದೇ, ಕೆಲಸ ಒಂದೇ. ಪತ್ರದಲ್ಲಿ "ಪದಕ್ಕೆ ಇಷ್ಟು" ಎಂದಷ್ಟೇ ಬರೆದಿದ್ದರೆ ಕೊನೆಯ ಬಿಲ್ಲಿನ ಹೊತ್ತಿಗೆ ಇಬ್ಬರೂ ಪ್ರಾಮಾಣಿಕವಾಗಿಯೇ ಜಗಳಕ್ಕೆ ಬೀಳುತ್ತಾರೆ. ಮೂಲದ ಪದವನ್ನು ಎಣಿಸಿದರೆ ಇನ್ನೊಂದು ಅನುಕೂಲವೂ ಇದೆ. ಒಟ್ಟು ಮೊತ್ತ ಮೊದಲ ದಿನವೇ ಇಬ್ಬರಿಗೂ ಗೊತ್ತಿರುತ್ತದೆ, ವಾಕ್ಯವನ್ನು ಬಿಗಿ ಮಾಡಿದಷ್ಟೂ ಅನುವಾದಕರಿಗೆ ನಷ್ಟ ಅನ್ನುವ ಸ್ಥಿತಿ ಬರುವುದಿಲ್ಲ.

2. ಮೂರು ಜಾಗದಿಂದ ಮಾದರಿ ಮಾಡಿ ನೋಡುವವರೆಗೂ ದಿನ ಹೇಳಬೇಡಿ

ಪೀಠಿಕೆಯನ್ನು ಮಾದರಿಗೆ ತೆಗೆದುಕೊಂಡರೆ ಒಂದು ಅಂದಾಜು ಬರುತ್ತದೆ, ನಡುವಿನ ಅಧ್ಯಾಯವನ್ನು ತೆಗೆದುಕೊಂಡರೆ ಇನ್ನೊಂದು. ಶಾಸ್ತ್ರಗ್ರಂಥದ ಒಳಗೆ ಎರಡು ಮೂರು ಬೇರೆ ಬೇರೆ ಪುಸ್ತಕಗಳೇ ಇರುತ್ತವೆ. ಲೇಖಕರು ಹಿಂದಿನ ವಿದ್ವಾಂಸರ ಜೊತೆ ವಾದಕ್ಕಿಳಿಯುವ ಸಿದ್ಧಾಂತದ ಅಧ್ಯಾಯ ಒಂದು; ಊರು, ಇಸವಿ, ಬರ, ದಂಗೆ ಎಂದು ಕಥೆ ಸಾಗುವ ಅಧ್ಯಾಯ ಇನ್ನೊಂದು; ಕೋಷ್ಟಕಗಳ ಸುತ್ತ ಬೆಳೆಯುವ ಅಧ್ಯಾಯ ಮತ್ತೊಂದು. ನಾನು ಮೂರರಿಂದಲೂ ಸಾವಿರ ಸಾವಿರ ಪದ ತೆಗೆದು, ಗಡಿಯಾರ ನೋಡಿಕೊಂಡು ಅನುವಾದಿಸುತ್ತೇನೆ. ಮಾರನೆಯ ದಿನ ಅದನ್ನೇ ತಿದ್ದುತ್ತೇನೆ, ಅದರ ಹೊತ್ತನ್ನೂ ಬರೆದಿಡುತ್ತೇನೆ.

ನಮ್ಮ ಪುಸ್ತಕದಲ್ಲಿ ಸಿದ್ಧಾಂತದ ಎರಡು ಅಧ್ಯಾಯಗಳು ಸೇರಿ 28,000 ಪದ. ಅಲ್ಲಿ ದಿನಕ್ಕೆ 700 ಪದ ಮೀರಿದರೆ ಮರುದಿನ ಓದಿದಾಗ ನನಗೇ ಅರ್ಥವಾಗದಂತಿರುತ್ತದೆ. ಉಳಿದ 90,000 ಪದಗಳಲ್ಲಿ ದಿನಕ್ಕೆ 1,200 ಸಾಗುತ್ತದೆ. ಟಿಪ್ಪಣಿಗಳಲ್ಲಿ ಬಹುಪಾಲು ಗ್ರಂಥದ ಹೆಸರು, ಪುಟಸಂಖ್ಯೆ, ಅಲ್ಲಿ 2,000. ಇವು ನನ್ನ ವೇಗ, ನಿಮ್ಮದು ಬೇರೆ ಇರಬಹುದು. ದಿನವೆಂದರೆ ಗಟ್ಟಿಯಾಗಿ ಕೂತು ಮಾಡುವ ಐದು ಗಂಟೆ. ಹತ್ತು ಗಂಟೆ ಕೂರುತ್ತೇನೆಂದು ಲೆಕ್ಕ ಹಾಕಿದ ವರ್ಷ ನಾನು ಕೊಟ್ಟ ಗಡುವು ಯಾವುದೂ ನಿಲ್ಲಲಿಲ್ಲ.

ಈ ಮಾದರಿಗೆ ಹಣ ಕೇಳಬೇಕೇ ಅನ್ನುತ್ತಾರೆ. ನಾನು ಕೇಳುವುದಿಲ್ಲ, ಏಕೆಂದರೆ ಅದನ್ನು ಮಾಡುವುದು ನನ್ನ ಅಂದಾಜಿಗೋಸ್ಕರ. ಪ್ರಕಾಶಕರೇ ಆಯ್ಕೆಗೆಂದು ಇಡೀ ಅಧ್ಯಾಯ ಮಾಡಿಸಿದರೆ ಅದಕ್ಕೆ ಸಂಭಾವನೆ ಆಗಬೇಕು.

3. ಪುಸ್ತಕ ಎಲ್ಲಿಂದ ಉಲ್ಲೇಖಿಸುತ್ತದೆ ಎಂದು ಮೊದಲೇ ನೋಡಿ

ಕರ್ನಾಟಕದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಪುಸ್ತಕವನ್ನು ಕನ್ನಡಕ್ಕೆ ತರುವವರು ಇದನ್ನು ಮರೆಯಲೇಬಾರದು. ನಾನು ಮರೆತು ತುಂಬ ದಿನ ಕಳೆದುಕೊಂಡಿದ್ದೇನೆ.

ಲೇಖಕರು ಒಂದು ಶಾಸನದ ಸಾಲನ್ನೋ, ಕಡತದ ಅರ್ಜಿಯನ್ನೋ, ಕನ್ನಡ ಕಾವ್ಯವನ್ನೋ ಇಂಗ್ಲಿಷಿಗೆ ತಂದು ಉಲ್ಲೇಖಿಸಿರುತ್ತಾರೆ. ಆ ಇಂಗ್ಲಿಷನ್ನು ಮತ್ತೆ ಕನ್ನಡ ಮಾಡಿದರೆ ಅದು ಮೂಲವಲ್ಲ, ಮೂಲದ ಅನುವಾದದ ಅನುವಾದ. ಕನ್ನಡದಲ್ಲೇ ಇರುವ ಮಾತನ್ನು ಕನ್ನಡದ ಓದುಗರಿಗೆ ಹಾಗೆ ಕೊಡುವುದು ಸರಿಯಲ್ಲ. ಮೂಲಪಠ್ಯವನ್ನೇ ಹುಡುಕಿ ತರಬೇಕು. ಟಿಪ್ಪಣಿಯಲ್ಲಿ ಎಪಿಗ್ರಾಫಿಯ ಕರ್ನಾಟಿಕ ಎಂದು ಸಂಪುಟ, ಸಂಖ್ಯೆ ಎರಡೂ ಇದ್ದರೂ ಕೆಲಸ ಮುಗಿಯುವುದಿಲ್ಲ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. ಲೂಯಿಸ್ ರೈಸ್ 1889ರಲ್ಲಿ ತಂದದ್ದು ಒಂದು, ಆರ್. ನರಸಿಂಹಾಚಾರ್ಯರು 1923ರಲ್ಲಿ ಹಿಗ್ಗಿಸಿ ತಂದದ್ದು ಇನ್ನೊಂದು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯೂ ಬಂತು. ಶಾಸನಗಳ ಕ್ರಮಸಂಖ್ಯೆ ಮೂರರಲ್ಲೂ ಒಂದೇ ಅಲ್ಲ. ಲೇಖಕರು ಯಾವುದನ್ನು ನೋಡಿದರು ಅನ್ನುವುದು ಗೊತ್ತಾಗದಿದ್ದರೆ ಬೇರೆಯೇ ಶಾಸನದ ಮುಂದೆ ಕೂತಿರುತ್ತೀರಿ.

ಊರಿನ ಹೆಸರುಗಳದ್ದು ಇನ್ನೊಂದು ಪಾಡು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ತಿರುಗಿ ಬರೆದ ವರದಿ 1807ರಲ್ಲಿ ಅಚ್ಚಾಯಿತು. ಕೃಷಿಯ ಚರಿತ್ರೆ ಬರೆಯುವ ಯಾರೂ ಅದನ್ನು ಬಿಡುವುದಿಲ್ಲ. ಆತ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡವನು. ಕೆಲವು ಊರು ಸುಲಭವಾಗಿ ಸಿಕ್ಕುತ್ತವೆ, ಕೆಲವಕ್ಕೆ ಆತ ಹಿಂದಿನ ದಿನ ಎಲ್ಲಿ ತಂಗಿದ್ದ, ಮರುದಿನ ಎಲ್ಲಿಗೆ ಹೋದ ಎಂದು ದಾರಿ ಹಿಡಿದು ನಕಾಶೆಯಲ್ಲಿ ಹುಡುಕಬೇಕು. ಜಾತಿ, ತೆರಿಗೆ, ಅಳತೆಗಳ ಹೆಸರೂ ಹಾಗೇ. ಹಳೆಯ ಕಂದಾಯದ ಪದಗಳಿಗೆ ಎಚ್. ಎಚ್. ವಿಲ್ಸನ್ 1855ರಲ್ಲಿ ತಂದ ನ್ಯಾಯ ಮತ್ತು ಕಂದಾಯ ಪದಗಳ ಕೋಶ, ಕನ್ನಡದ ರೂಪಕ್ಕೆ 1894ರ ಕಿಟ್ಟೆಲ್ ಕೋಶ, ಇವೆರಡೂ ಪಕ್ಕದಲ್ಲಿರಬೇಕು.

ಆದ್ದರಿಂದ ದರ ಹೇಳುವ ಮೊದಲು ಟಿಪ್ಪಣಿಗಳನ್ನೆಲ್ಲ ಒಮ್ಮೆ ಓದಿ, ಕನ್ನಡ ಮೂಲವಿರುವ ಉಲ್ಲೇಖಗಳನ್ನು ಪಟ್ಟಿ ಮಾಡಿ. ಅರ್ಧ ದಿನದ ಕೆಲಸ. ನಮ್ಮ ಪುಸ್ತಕದಲ್ಲಿ ಅಂಥವು ಅರವತ್ತು ಎಂದಿಟ್ಟುಕೊಳ್ಳಿ. ಒಂದಕ್ಕೆ ಹತ್ತು ನಿಮಿಷ ಸಾಕಾಗಬಹುದು, ಇನ್ನೊಂದಕ್ಕೆ ಗ್ರಂಥಾಲಯದಲ್ಲಿ ಇಡೀ ದಿನ. ಸರಾಸರಿ ದಿನಕ್ಕೆ ನಾಲ್ಕು ಹಿಡಿದರೆ ಹದಿನೈದು ದಿನ. ಮೂಲ ಲೇಖಕರು ಬದುಕಿದ್ದರೆ ಅವರ ಹತ್ತಿರ ಇರುವ ಕನ್ನಡ ಪ್ರತಿಗಳನ್ನು ಪ್ರಕಾಶಕರ ಮೂಲಕ ಕೇಳಿ. ಸಂಶೋಧನೆಯ ಕಾಲದ ಟಿಪ್ಪಣಿ, ನೆರಳಚ್ಚುಗಳನ್ನು ಸಂತೋಷದಿಂದ ಕೊಟ್ಟವರಿದ್ದಾರೆ. ಅಲ್ಲಿಗೆ ಹದಿನೈದು ದಿನ ಐದಕ್ಕೆ ಇಳಿಯುತ್ತದೆ.

4. ಪದಕೋಶಕ್ಕೆ ದರಪತ್ರದಲ್ಲಿ ಅದರದೇ ಸಾಲು ಇರಲಿ

ಬಹುಕಾಲ ನಾನು ಪಾರಿಭಾಷಿಕ ಪದಗಳ ಪಟ್ಟಿಯನ್ನು ಅನುವಾದ ಮಾಡುತ್ತಾ ಮಾಡುತ್ತಾ ಬೆಳೆಯುವ ವಸ್ತು ಎಂದುಕೊಂಡಿದ್ದೆ. ಅದಕ್ಕೆ ಪ್ರತ್ಯೇಕ ಹಣವನ್ನೂ ಕೇಳುತ್ತಿರಲಿಲ್ಲ, ದಿನವನ್ನೂ ಇಡುತ್ತಿರಲಿಲ್ಲ. ಅದರ ಫಲ ಒಂದು ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಎದುರಾಯಿತು. ಅಲ್ಲಿಯವರೆಗೆ ಭೂಮಿಯನ್ನು ಉಳುತ್ತಾ ಒಡೆಯನಿಗೆ ಪಾಲು ಕೊಡುವವನನ್ನು "ಗೇಣಿದಾರ" ಎಂದು ಬರೆದುಕೊಂಡು ಬಂದಿದ್ದೆ. ವಿಷಯ ಪರಿಶೀಲಕರು ತಡೆದರು. ಗೇಣಿದಾರ ಅಂದ ಕೂಡಲೇ ನಮ್ಮ ಓದುಗರ ಮನಸ್ಸಿಗೆ ಬರುವುದು ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿ, ಅರ್ಜಿ ಹಾಕಿ ಭೂಮಿ ಪಡೆದವರು. ಹದಿನೆಂಟನೆಯ ಶತಮಾನದವನಿಗೆ ಆ ಹೆಸರು ಸಲ್ಲದು, "ಒಕ್ಕಲು" ಅನ್ನಿ ಎಂದರು. ಅವರ ಮಾತು ನ್ಯಾಯವಾಗಿತ್ತು. ಆದರೆ ಐದನೆಯ ಅಧ್ಯಾಯಕ್ಕೆ ಬಂದರೆ ಅದೇ "ಒಕ್ಕಲು" ಪದವನ್ನು ನಾನೇ ಕೆಲವು ಕಡೆ ಬರೆದಿದ್ದೆ, ಬೇರೆ ಅರ್ಥದಲ್ಲಿ, ಊರಿನ ಮನೆಗಳ ಎಣಿಕೆಗೆ.

ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸಿದರಾಯಿತು ಅನ್ನಿಸುತ್ತದೆ. ಕನ್ನಡದಲ್ಲಿ ಅದು ಹಾಗೆ ಆಗುವುದಿಲ್ಲ. "ಗೇಣಿದಾರನಿಗೆ", "ಗೇಣಿದಾರರಿಂದ", "ಗೇಣಿದಾರಿಕೆ" ಎಲ್ಲಕ್ಕೂ ಬಾಲ ಬೇರೆ. ಹೊಸ ಪದ ಉಕಾರಾಂತ, ಅದರ ಬಾಲವೂ ಬೇರೆ. ಮುಂದಿನ ಕ್ರಿಯಾಪದ ಕೂಡ ಬದಲಾಗುತ್ತದೆ, ಏಕೆಂದರೆ ಗೇಣಿದಾರ ಕೊಟ್ಟನು, ಒಕ್ಕಲು ಕೊಟ್ಟಿತು. ಇನ್ನು "ಒಕ್ಕಲು" ಎಲ್ಲೆಲ್ಲಿದೆ ಎಂದು ನೋಡಲು "ಒಕ್ಕಲ" ಎಂದು ಹುಡುಕಿದರೆ ಒಕ್ಕಲಿಗ, ಒಕ್ಕಲುತನ ಎಲ್ಲವೂ ಬಲೆಗೆ ಬೀಳುತ್ತವೆ. ಪೂರ್ಣ "ಒಕ್ಕಲು" ಎಂದು ಹುಡುಕಿದರೆ "ಒಕ್ಕಲಿನ" ತಪ್ಪಿಹೋಗುತ್ತದೆ. ಒಂದು ಪದ ಬದಲಿಸಲು ಆರು ಅಧ್ಯಾಯವನ್ನು ಮತ್ತೆ ಕಣ್ಣಿಟ್ಟು ಓದಬೇಕಾಯಿತು. ಅಂಥ ಹತ್ತು ಪದ ತಡವಾಗಿ ಬದಲಾದರೆ ಗಡುವಿನ ಕಥೆ ಮುಗಿಯಿತು.

ಈಗ ಅನುವಾದ ಶುರು ಮಾಡುವ ಮುನ್ನವೇ ಮೂಲದ ವಿಷಯಸೂಚಿಯನ್ನು ತೆರೆದು ಪಟ್ಟಿ ಮಾಡುತ್ತೇನೆ. ಲೇಖಕರು ಯಾವ ಪದಕ್ಕೆ ತೂಕ ಕೊಟ್ಟಿದ್ದಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ಪುಸ್ತಕದಲ್ಲಿ ನಾನೂರು ಪದ ಬಂದರೆ ಇನ್ನೂರೈವತ್ತಕ್ಕೆ ಸಿದ್ಧ ಕನ್ನಡ ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿ ಹಲವು ಕೋಶಗಳು ಒಟ್ಟಿಗೆ ಇವೆ. ನೂರಹತ್ತಕ್ಕೆ ಎರಡು ಮೂರು ರೂಪ ಚಾಲ್ತಿಯಲ್ಲಿದ್ದು, ಆರಿಸಬೇಕಾಗುತ್ತದೆ. ಉಳಿದ ನಲವತ್ತು ಜಗಳದವು. ಸಮಯ ಹೋಗುವುದೆಲ್ಲ ಅಲ್ಲಿ. ಉದಾಹರಣೆಗೆ ಸೆಟಲ್‌ಮೆಂಟ್ ಅನ್ನುವುದು ಒಂದು ಅಧ್ಯಾಯದಲ್ಲಿ ಕಂದಾಯದ ಬಂದೋಬಸ್ತು, ಇನ್ನೊಂದರಲ್ಲಿ ಜನ ನೆಲೆನಿಂತ ಊರು, ಮತ್ತೊಂದರಲ್ಲಿ ರಾಜಿ. ಅದನ್ನು ಪಟ್ಟಿಯಲ್ಲಿ ಮೂರು ಸಾಲಾಗಿ ಬರೆಯಬೇಕು.

ಪಟ್ಟಿಯಲ್ಲಿ ಮೂಲಪದ, ಕನ್ನಡ, ಯಾವ ಅರ್ಥದಲ್ಲಿ, ಮೊದಲು ಬರುವ ಪುಟ, ಬೇಡವೆಂದು ಬಿಟ್ಟ ರೂಪ, ಒಪ್ಪಿದವರು ಯಾರು ಮತ್ತು ಯಾವ ದಿನ ಎಂದು ಅಂಕಣಗಳಿರಲಿ. ಬಿಟ್ಟ ರೂಪವನ್ನು ಬರೆದಿಡದಿದ್ದರೆ ಆರು ತಿಂಗಳ ಮೇಲೆ ಅದೇ ಚರ್ಚೆ ಮೊದಲಿನಿಂದ ಶುರುವಾಗುತ್ತದೆ. ಎಲ್ಲ ಸೇರಿ ಹದಿನಾಲ್ಕು ದಿನ ಇಡುತ್ತೇನೆ. ಮೊದಲ ಎರಡು ಅಧ್ಯಾಯ ಮುಗಿದ ಮೇಲೆ ಪಟ್ಟಿಗೆ ಬೀಗ ಹಾಕುತ್ತೇವೆ. ಆಮೇಲೆ ಪದ ಬದಲಿಸುವ ಹಕ್ಕು ಪರಿಶೀಲಕರಿಗೆ ಇದ್ದೇ ಇದೆ, ಅದಕ್ಕೆ ತಗಲುವ ದಿನ ಮಾತ್ರ ಪ್ರತ್ಯೇಕ. ಈ ಸಾಲನ್ನು ಬರೆದ ಮೇಲೆ ಪದಗಳ ಚರ್ಚೆ ತಾನಾಗಿ ಪುಸ್ತಕದ ಆರಂಭಕ್ಕೆ ಬಂದುಬಿಟ್ಟಿದೆ.

5. ಪರಿಶೀಲನೆಯ ಒಂದು ಸುತ್ತು ಎಂದರೆ ಏನೆಂದು ಬರೆದುಕೊಳ್ಳಿ

"ಎರಡು ಸುತ್ತು ಪರಿಶೀಲನೆ ಸೇರಿ" ಎಂದು ಒಮ್ಮೆ ಪ್ರಕಾಶನ ಸಂಸ್ಥೆಯೊಂದರ ಒಪ್ಪಂದದಲ್ಲಿ ಬರೆದು ನಿಶ್ಚಿಂತೆಯಿಂದಿದ್ದೆ. ಸಂಸ್ಥೆಯವರು ಹಸ್ತಪ್ರತಿಯನ್ನು ವಿಷಯತಜ್ಞರೊಬ್ಬರಿಗೆ ಕಳಿಸಿದರು. ಅವರ ತಿದ್ದುಪಡಿ ಹಾಕಿ ಮುಗಿಸುವಷ್ಟರಲ್ಲಿ ಭಾಷಾ ಪರಿಶೀಲಕರ ಪ್ರತಿ ಬಂತು. ತಜ್ಞರು ಸಂಸ್ಕೃತದ ಪದ ಹಾಕಿಸಿದ ಕಡೆಯಲ್ಲೆಲ್ಲ ಇವರು ಹೊಡೆದುಹಾಕಿ ಅಚ್ಚಗನ್ನಡ ಬರೆದಿದ್ದರು. ಆಮೇಲೆ ಮೂಲ ಲೇಖಕರ ಪರಿಚಯದವರೊಬ್ಬರು ಓದಿ ಇನ್ನಷ್ಟು ಸೂಚನೆ ಕೊಟ್ಟರು. ಸಂಸ್ಥೆಯ ಲೆಕ್ಕದಲ್ಲಿ ಇದೆಲ್ಲ ಒಂದೇ ಸುತ್ತು, ಏಕೆಂದರೆ ಹಸ್ತಪ್ರತಿ ಹೊರಗೆ ಹೋದದ್ದು ಒಂದೇ ಸಲ. ಅವರು ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ. ಸುತ್ತು ಅನ್ನುವುದಕ್ಕೆ ಇಬ್ಬರ ಮನಸ್ಸಿನಲ್ಲೂ ಬೇರೆ ಅರ್ಥವಿತ್ತು, ಕಾಗದದಲ್ಲಿ ಯಾವ ಅರ್ಥವೂ ಇರಲಿಲ್ಲ.

ಈಗ ಬರೆಯುವುದು ಹೀಗೆ: ಎಲ್ಲ ಪರಿಶೀಲಕರ ಸೂಚನೆಗಳನ್ನು ಸಂಪಾದಕರು ಒಂದೇ ಕಡತದಲ್ಲಿ ಸೇರಿಸಿ, ಪರಸ್ಪರ ವಿರೋಧವಿದ್ದಲ್ಲಿ ತಾವೇ ತೀರ್ಮಾನಿಸಿ ಕಳಿಸುವುದು, ನಾನು ಅದಕ್ಕೆ ಸಾಲುಸಾಲಾಗಿ ಉತ್ತರಿಸಿ ತಿದ್ದಿದ ಪ್ರತಿ ಮರಳಿಸುವುದು, ಇದು ಒಂದು ಸುತ್ತು. ಮೊದಲ ಸುತ್ತಿಗೆ ಹದಿನಾಲ್ಕು ದಿನ, ಎರಡನೆಯದಕ್ಕೆ ಆರು. ಎರಡನೆಯ ಸುತ್ತಿನಲ್ಲಿ ನೋಡಬೇಕಾದದ್ದು ಮೊದಲ ಸುತ್ತಿನ ತಿದ್ದುಪಡಿ ಸರಿಯಾಗಿ ಕೂತಿದೆಯೇ ಎಂಬುದನ್ನು. ಹೊಸದಾಗಿ ಇಡೀ ಪುಸ್ತಕ ಓದಿ ಗುರುತು ಹಾಕುವುದಾದರೆ ಅದು ಮೂರನೆಯದಾಗುತ್ತದೆ.

ಬಂದ ಸೂಚನೆಗಳನ್ನು ನಾನು ತಪ್ಪು, ರುಚಿ, ಪದಬದಲಾವಣೆ ಎಂದು ಬೇರ್ಪಡಿಸುತ್ತೇನೆ. ವಾಕ್ಯ ಬಿಟ್ಟುಹೋಗಿದ್ದರೆ, ನಿಷೇಧ ತಪ್ಪಿ ಅರ್ಥ ತಿರುಗಿದ್ದರೆ, ಇಸವಿ ತಪ್ಪಿದ್ದರೆ ಅದು ನನ್ನ ತಪ್ಪು. ಎಷ್ಟನೆಯ ಸುತ್ತಿನಲ್ಲಿ ಸಿಕ್ಕರೂ, ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ದಿನ ಸಿಕ್ಕರೂ, ಹಣದ ಮಾತಿಲ್ಲದೆ ತಿದ್ದುತ್ತೇನೆ. "ಆದ್ದರಿಂದ" ಬದಲು "ಹಾಗಾಗಿ" ಇರಲಿ ಅನ್ನುವುದು ರುಚಿ; ಎರಡು ಸುತ್ತಿನೊಳಗೆ ಎಷ್ಟು ಬೇಕಾದರೂ ಆಗಲಿ. ಬೀಗ ಹಾಕಿದ ಪಟ್ಟಿಯ ಪದ ಬದಲಾದರೆ ಮೇಲೆ ಹೇಳಿದಂತೆ.

ಇಡೀ ಪುಸ್ತಕ ಮುಗಿಸಿ ಒಟ್ಟಿಗೆ ಕಳಿಸಬೇಡಿ. ಮೊದಲ ಎರಡು ಅಧ್ಯಾಯಗಳನ್ನು ಪದಪಟ್ಟಿಯ ಜೊತೆ ಕಳಿಸಿ, ಅವರು ನೋಡುತ್ತಿರುವಾಗ ಮೂರನೆಯದನ್ನು ಮುಂದುವರಿಸಿ. ಪರಿಶೀಲಕರು ಭಾಷೆಯನ್ನೇ ಒಪ್ಪದಿದ್ದರೆ ಅದು 20,000 ಪದದ ಹೊತ್ತಿಗೆ ಗೊತ್ತಾಗಬೇಕು, 1,40,000 ಪದ ಮುಗಿದ ಮೇಲಲ್ಲ. ಪರಿಶೀಲಕರು ಸಾಮಾನ್ಯವಾಗಿ ಪಾಠ, ಪರೀಕ್ಷೆಗಳ ನಡುವೆ ಬಿಡುವು ಮಾಡಿಕೊಳ್ಳುವ ಪ್ರಾಧ್ಯಾಪಕರು. ಅವರಿಗೆ ನಲವತ್ತೈದು ದಿನ ಇಡಿ. ಅದಕ್ಕಿಂತ ತಡವಾದರೆ ನನ್ನ ಗಡುವೂ ಅಷ್ಟೇ ದಿನ ಮುಂದೆ ಹೋಗುತ್ತದೆ ಎಂಬ ಸಾಲನ್ನು ತಪ್ಪದೆ ಸೇರಿಸಿ.

6. ಮೊದಲು ದಿನ ಕೂಡಿಸಿ, ಆಮೇಲೆ ಹಣ

ಇಲ್ಲಿಯವರೆಗಿನದನ್ನು ಕೂಡಿಸೋಣ. ಸಿದ್ಧಾಂತದ ಅಧ್ಯಾಯಗಳಿಗೆ 40 ದಿನ, ಉಳಿದ ಅಧ್ಯಾಯಗಳಿಗೆ 75, ಟಿಪ್ಪಣಿಗೆ 11. ಮೊದಲ ಕರಡು 126 ದಿನ. ಅದನ್ನು ನಾನೇ ಮೂಲದ ಜೊತೆ ಇಟ್ಟು ತಿದ್ದುವುದಕ್ಕೆ ದಿನಕ್ಕೆ 4,000 ಪದದಂತೆ 35 ದಿನ. ಉಲ್ಲೇಖಗಳಿಗೆ 15, ಪದಕೋಶಕ್ಕೆ 14, ಎರಡು ಸುತ್ತಿಗೆ 20, ಪುಟ ಜೋಡಿಸಿದ ಮೇಲೆ ಕರಡಚ್ಚು ನೋಡಲು 10. ಒಟ್ಟು 220 ದಿನ. ಮೊದಲ ಕರಡಿನ ಆಚೆಗೆ 94 ದಿನ ಇವೆ ಅನ್ನುವುದನ್ನು ಗಮನಿಸಿ. ಫೋನಿನಲ್ಲಿ ದರ ಹೇಳುವಾಗ ನಾವು ಮರೆಯುವುದು ಈ 94 ದಿನಗಳನ್ನು.

ತಿಂಗಳಿಗೆ 22 ದಿನ ಕೆಲಸ ಅಂದರೆ ಹತ್ತು ತಿಂಗಳು. ಪರಿಶೀಲಕರ ಕೈಯಲ್ಲಿ, ಅಕ್ಷರ ಜೋಡಿಸುವವರ ಕೈಯಲ್ಲಿ ಹಸ್ತಪ್ರತಿ ಇರುವ ಕಾಲ ಸುಮಾರು ಮೂರು ತಿಂಗಳು. ಜ್ವರ, ಮದುವೆ, ಹಬ್ಬಕ್ಕೆ ಒಂದು ತಿಂಗಳು. ನಾನು ಹದಿನಾಲ್ಕು ತಿಂಗಳು ಅನ್ನುತ್ತೇನೆ. ಪ್ರಕಾಶಕರಿಗೆ ಅದು ಹೆಚ್ಚೆನಿಸಿದರೆ ಅವರ ಗಡುವು ಎಲ್ಲಿಂದ ಬಂತು ಎಂದು ಕೇಳಿ. ಮೂಲ ಪ್ರಕಾಶಕರಿಂದ ಪಡೆದ ಅನುವಾದ ಹಕ್ಕಿನ ಪತ್ರದಲ್ಲಿ ಇಂತಿಷ್ಟು ತಿಂಗಳೊಳಗೆ ಪ್ರಕಟಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ತಾರೀಖು ಗೊತ್ತಾದರೆ ಎಲ್ಲಿ ಬಿಗಿ ಮಾಡಬಹುದು, ಎಲ್ಲಿ ಆಗದು ಎಂದು ಇಬ್ಬರೂ ಕೂತು ಮಾತಾಡಬಹುದು. ಅದು ಗೊತ್ತಿಲ್ಲದೆ ತಿಂಗಳು ಕಡಿಮೆ ಮಾಡಿ ಹೇಳುವುದು ಬೇಡ.

ಹಣದ ಲೆಕ್ಕಕ್ಕೆ ದಿನಕ್ಕೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ, ಕೂಡಲು ಸುಲಭವೆಂದು. 220 ದಿನಕ್ಕೆ 4,40,000. ಮೂಲದ ಪದಕ್ಕೆ 3 ರೂಪಾಯಿ 14 ಪೈಸೆ. ಕನ್ನಡದ ಎಷ್ಟೋ ಪ್ರಕಾಶಕರಿಗೆ ಇದು ಎಟುಕುವುದಿಲ್ಲ, ಅವರ ಕಷ್ಟ ಸುಳ್ಳಲ್ಲ. ಅವರು 3,00,000 ಅಂದರೆ ಅದು 150 ದಿನದ ಕೆಲಸ. ಆಗ ನಾನು ಹಣ ಇಳಿಸಿ ಸುಮ್ಮನಾಗುತ್ತಿದ್ದೆ, ಆ ಕೊರತೆ ಕೊನೆಯಲ್ಲಿ ಪುಸ್ತಕದ ಮೇಲೆಯೇ ಬೀಳುತ್ತಿತ್ತು. ತಿದ್ದುವ ಮೂವತ್ತೈದು ದಿನ ಹದಿನೈದಾಗುತ್ತಿತ್ತು. ಈಗ ಕೆಲಸವನ್ನೇ ಇಳಿಸಿ ತೋರಿಸುತ್ತೇನೆ. ಗ್ರಂಥದ ಹೆಸರು, ಪುಟಸಂಖ್ಯೆ ಮಾತ್ರ ಇರುವ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲೇ ಉಳಿಸಿದರೆ 8 ದಿನ ಉಳಿಯುತ್ತದೆ. ಗ್ರಂಥಸೂಚಿಯನ್ನಂತೂ ಹಾಗೇ ಬಿಡುವುದು ಓದುಗರಿಗೂ ಒಳ್ಳೆಯದು, ಆ ಪುಸ್ತಕ ಬೇಕಾದವರು ಆ ಹೆಸರಿನಲ್ಲೇ ತಾನೇ ಹುಡುಕುವುದು. ಕನ್ನಡ ಮೂಲಗಳನ್ನು ವಿಷಯ ಪರಿಶೀಲಕರು ಹುಡುಕಿಕೊಟ್ಟರೆ 15 ದಿನ, ಕರಡಚ್ಚನ್ನು ಪ್ರಕಾಶಕರ ಕಡೆಯವರು ನೋಡಿದರೆ 10. ಅಲ್ಲಿಗೆ 33 ದಿನ ಇಳಿಯಿತು, ಇನ್ನೂ 37 ದಿನದ ಅಂತರವಿದೆ. ಅದನ್ನು ಮರುಮುದ್ರಣದ ಗೌರವಧನವಾಗಿ ತೆಗೆದುಕೊಳ್ಳಬಹುದು, ಮೂಲ ಲೇಖಕರು ಒಪ್ಪಿದರೆ ಒಂದು ಅಧ್ಯಾಯ ಕೈಬಿಡಬಹುದು, ಇಲ್ಲವೇ ಈ ಪುಸ್ತಕ ನನ್ನಿಂದ ಆಗದು ಎಂದು ಗೌರವದಿಂದ ಹೇಳಬಹುದು. ಮೂರನ್ನೂ ಮಾಡಿದ್ದೇನೆ. ತಿದ್ದುವ ದಿನಗಳಿಗೆ ಮಾತ್ರ ಕೈಹಚ್ಚುವುದಿಲ್ಲ.

7. ಯೂನಿಕೋಡಿನಿಂದ ನುಡಿಗೆ ಹೋಗುವ ಪುಸ್ತಕಕ್ಕೆ ಕರಡಚ್ಚಿನ ದಿನ ಹೆಚ್ಚಿಡಿ

ನೀವು ಯೂನಿಕೋಡಿನಲ್ಲಿ ಕೊಟ್ಟ ಕಡತವನ್ನು ಅಕ್ಷರ ಜೋಡಿಸುವವರು ಇನ್ನೂ ಎಷ್ಟೋ ಕಡೆ ಹಳೆಯ ನುಡಿ ಅಥವಾ ಅಂಥ ಅಕ್ಷರಮಾದರಿಗೆ ಪರಿವರ್ತಿಸಿಯೇ ಪುಟ ಕಟ್ಟುತ್ತಾರೆ. ಪರಿವರ್ತನೆಯಲ್ಲಿ ನಡುನಡುವಿನ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡ ಗುರುತುಗಳಾಗುತ್ತವೆ, ಉದ್ಧರಣ ಚಿಹ್ನೆ ಕಳೆದುಹೋಗುತ್ತದೆ, ಕೆಲವು ಒತ್ತಕ್ಷರ ಜಾಗ ತಪ್ಪುತ್ತದೆ. ಶಾಸ್ತ್ರಗ್ರಂಥಕ್ಕೆ ದೊಡ್ಡ ಏಟು ಬೀಳುವುದು ಟಿಪ್ಪಣಿಯ ಸಂಖ್ಯೆಗೆ. ಮೇಲಕ್ಕೆತ್ತಿ ಬರೆದ 47 ಸಾಲಿನೊಳಗೇ ಇಳಿದು, ಇಸವಿಗೋ ಮೊತ್ತಕ್ಕೋ ಅಂಟಿಕೊಂಡುಬಿಡುತ್ತದೆ. ಯಾವ ಅಕ್ಷರದಲ್ಲಿ ಪುಟ ಕಟ್ಟುತ್ತೀರಿ ಎಂದು ದರ ಹೇಳುವ ಮೊದಲೇ ಕೇಳಿ, ಒಂದು ಅಧ್ಯಾಯವನ್ನು ಮೊದಲೇ ಪರಿವರ್ತಿಸಿ ತೋರಿಸಲು ಹೇಳಿ. ಯೂನಿಕೋಡಿನಲ್ಲೇ ಪುಟ ಕಟ್ಟುವವರಾದರೆ ಹತ್ತು ದಿನದಲ್ಲಿ ನಾಲ್ಕು ಉಳಿಯುತ್ತದೆ. ಕನ್ನಡದ ವಿಷಯಸೂಚಿ ಬೇಕೆಂದರೆ ಅದು ಪುಟಗಳು ಕೂತ ಮೇಲೆಯೇ ಸಾಧ್ಯ. ಮೇಲಿನ 220ರಲ್ಲಿ ಅದು ಸೇರಿಲ್ಲ.

8. ಕಂತು ಮತ್ತು ಹಕ್ಕು

ಹಣವನ್ನು ಪ್ರಕಟಣೆಗೆ ಕಟ್ಟಬೇಡಿ. ಪುಸ್ತಕ ಅಚ್ಚಾಗುವುದು ಅನುದಾನ, ಬಿಡುಗಡೆಯ ದಿನ, ಮುನ್ನುಡಿ ಬರೆಯುವವರು ಹೀಗೆ ನಮ್ಮ ಕೈಯಲ್ಲಿಲ್ಲದ ಹತ್ತು ಕಾರಣಕ್ಕೆ ನಿಲ್ಲುತ್ತದೆ. ಒಪ್ಪಂದದ ದಿನ ಐದನೆಯ ಒಂದು ಪಾಲು, ಮೊದಲ ಎರಡು ಅಧ್ಯಾಯ ಮತ್ತು ಪದಪಟ್ಟಿ ಒಪ್ಪಿಗೆಯಾದಾಗ ಒಂದು ಪಾಲು, ಅರ್ಧಕ್ಕೆ ಒಂದು, ಪೂರ್ಣ ಹಸ್ತಪ್ರತಿ ಕೊಟ್ಟಾಗ ಒಂದು, ಎರಡನೆಯ ಸುತ್ತು ಮುಗಿದಾಗ ಕೊನೆಯದು. ಮೊತ್ತದಲ್ಲಿ ಮೂಲದಲ್ಲೇ ತೆರಿಗೆ ಕಡಿತವಾಗಿ ಕೈಗೆ ಬರುವುದು ಕಡಿಮೆ ಇರುತ್ತದೆ, ಅದನ್ನು ಮನೆಯ ಲೆಕ್ಕದಲ್ಲಿ ನೆನಪಿಡಿ.

ನಮ್ಮಂಥ ಬಿಡಿ ಕೆಲಸಗಾರರ ಅನುವಾದದ ಹಕ್ಕುಸ್ವಾಮ್ಯ ಮೊದಲಿಗೆ ಅನುವಾದಕರದೇ. ಪ್ರಕಾಶಕರಿಗೆ ಅದನ್ನು ವಹಿಸುವುದು ಬರಹದಲ್ಲೇ ಆಗಬೇಕು. ವಹಿಸಿದ ಪತ್ರದಲ್ಲಿ ಅವಧಿ ಬರೆಯದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅದು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಮರುಮುದ್ರಣದ ಗೌರವಧನಕ್ಕೆ ಒಪ್ಪಿ ದರ ಇಳಿಸಿದವರಿಗೆ ಈ ಎರಡು ಸಾಲು ಬಹಳ ಮುಖ್ಯ. ಸಹಿ ಹಾಕುವ ಮುನ್ನ ನಿಮ್ಮ ಪತ್ರದಲ್ಲಿ ಅವು ಇವೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.